ದೊಡ್ಡ ಮುಂಗಡ ಜಮೆಯಾಗಿದೆ: ಸ್ವೀಕೃತಿ ಪತ್ರದಲ್ಲಿ ಯಾವ ಮೊತ್ತ, ಯಾವ ದಿನಾಂಕ, ಮುಂದೇನು?

ಹೊಸಲೆಕ್ಕಿಗ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಯಂತ್ರ ತಯಾರಿಸುವ ಸಣ್ಣ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹೊರದೇಶದ ಗ್ರಾಹಕರೊಬ್ಬರು ಒಂದು ಪ್ಯಾಕಿಂಗ್ ಯಂತ್ರಕ್ಕೆ ಆರ್ಡರ್ ಕೊಟ್ಟಿದ್ದಾರೆ. ಒಟ್ಟು ಬೆಲೆ 12,00,000 (ಯಾವ ನಾಣ್ಯ ಎಂಬುದು ಇಲ್ಲಿ ಮುಖ್ಯವಲ್ಲವಾದ್ದರಿಂದ ಬಿಟ್ಟಿದ್ದೇನೆ). ಕರಾರಿನಂತೆ ಶೇ. 30 ಮುಂಗಡ, ನಮ್ಮ ಕಾರ್ಖಾನೆಯಲ್ಲಿ ಪರೀಕ್ಷೆಯಾದ ಮೇಲೆ ರವಾನೆಗೆ ಮೊದಲು ಶೇ. 60, ಅವರಲ್ಲಿ ಯಂತ್ರ ಕೂರಿಸಿದ ಮೇಲೆ ಶೇ. 10. ಮುಂಗಡ ಸ್ವೀಕೃತವಾದ ದಿನದಿಂದ 16 ವಾರಗಳಲ್ಲಿ ಯಂತ್ರ ರವಾನೆಗೆ ಸಿದ್ಧವಾಗಬೇಕು.

ಸೆಪ್ಟೆಂಬರ್ 3ರಂದು ಗ್ರಾಹಕರು 3,60,000 ಕಳುಹಿಸಿದ್ದಕ್ಕೆ ಬ್ಯಾಂಕಿನ ಪ್ರತಿಯನ್ನು ಇಮೇಲ್ ಮಾಡಿದರು. ನಮ್ಮ ಸ್ಟೇಟ್‌ಮೆಂಟಿನಲ್ಲಿ 8ರಂದು 3,59,960 ಜಮೆ ಕಾಣಿಸಿತು. ಅದರ ಪಕ್ಕದಲ್ಲಿ ವ್ಯಾಲ್ಯೂ ಡೇಟ್ 7 ಎಂದಿದೆ. ಹಣ ಕಳುಹಿಸಿದವರ ಹೆಸರು ಮಾತ್ರ ಕರಾರಿಗೆ ಸಹಿ ಹಾಕಿದ ಕಂಪನಿಯದಲ್ಲ. ಹೆಸರಿನ ಮೊದಲರ್ಧ ಒಂದೇ, ಉಳಿದದ್ದು ಬೇರೆ. ಮಾರಾಟ ವಿಭಾಗದವರು "ನಿಮ್ಮ ಪೂರ್ಣ ಮುಂಗಡ ತಲುಪಿದೆ, ಧನ್ಯವಾದ, ಕೆಲಸ ಆರಂಭಿಸಿದ್ದೇವೆ" ಎಂದು ಎರಡು ಸಾಲು ಬರೆದು ಕಳುಹಿಸಿಬಿಡಿ ಎನ್ನುತ್ತಿದ್ದಾರೆ. ಆ ಎರಡು ಸಾಲುಗಳಲ್ಲಿ ನಾನು ಒಪ್ಪಿಕೊಳ್ಳಬಾರದ ಏನನ್ನೋ ಒಪ್ಪಿಕೊಳ್ಳುತ್ತಿದ್ದೇನೆ ಎಂದು ಅನುಮಾನ. ಪತ್ರವನ್ನು ಹೇಗೆ ಬರೆಯಬೇಕೆಂದು ತಿಳಿದವರು ಹೇಳಬೇಕಾಗಿ ಕೋರಿಕೆ.

ರಶೀದಿಬೇಕು

ನನಗೂ ಇದೇ ತೊಂದರೆಯಾಗಿದೆ. ದೊಡ್ಡ ಮೊತ್ತ ಕಟ್ಟಿ ವಾರಗಳಾದರೂ ಮಾರುವವರು ರಶೀದಿ ಕೊಡುವುದಿಲ್ಲ. ನೀವು ಕಳುಹಿಸಿದ ಪ್ರತಿಯನ್ನು ಲಗತ್ತಿಸಿ, ಇಷ್ಟು ದಿನದೊಳಗೆ ಲಿಖಿತ ಸ್ವೀಕೃತಿ ಕೊಡಬೇಕೆಂದು ಅವರಿಗೆ ನೋಟಿಸ್ ಕೊಡಿ. ಹಣ ಕಟ್ಟಿದವರಿಗೆ ರಶೀದಿ ಕೇಳುವ ಹಕ್ಕು ಇದ್ದೇ ಇದೆ.

ಹೊಸಲೆಕ್ಕಿಗ

ರಶೀದಿಬೇಕು ಅವರೇ, ಹಣ ಪಡೆದವರು ನಾವು, ಕಟ್ಟಿದವರಲ್ಲ. ಆದರೂ ನಿಮ್ಮಲ್ಲಿ ಒಂದು ಪ್ರಶ್ನೆಯಿದೆ. ಹಣ ಕಟ್ಟಿದವರಾಗಿ ನೀವು ಆ ಕಾಗದದಲ್ಲಿ ಏನನ್ನು ನೋಡಲು ಬಯಸುತ್ತೀರಿ?

ರಶೀದಿಬೇಕು

ಕ್ಷಮಿಸಿ, ಅವಸರದಲ್ಲಿ ತಿರುಗುಮುರುಗಾಗಿ ಓದಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಹಣ ಯಾವ ಬಿಲ್ಲಿಗೆ ಜಮೆಯಾಯಿತು, ಇನ್ನೆಷ್ಟು ಬಾಕಿ, ಮತ್ತು ನಾನು ಈಗ ಏನಾದರೂ ಮಾಡಬೇಕೋ ಅಥವಾ ಸುಮ್ಮನೆ ಕಾಯಬೇಕೋ ಎಂಬ ಮೂರು ವಿಷಯ ಬೇಕು. "ತಲುಪಿದೆ, ಧನ್ಯವಾದ" ಎಂಬ ಉತ್ತರದಲ್ಲಿ ಈ ಮೂರೂ ಇರುವುದಿಲ್ಲ.

ತಿಜೋರಿ

ನಾನು ಬ್ಯಾಂಕಿನ ವಿದೇಶ ವ್ಯವಹಾರ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಹೊಸಲೆಕ್ಕಿಗ ಅವರ ಅನುಮಾನ ಸರಿಯಾಗಿಯೇ ಇದೆ. ಮಾರಾಟದವರು ಸೂಚಿಸಿದ ಸಾಲಿನಲ್ಲಿ "ಪೂರ್ಣ", "ನಿಮ್ಮ" ಮತ್ತು "ಆರಂಭಿಸಿದ್ದೇವೆ" ಎಂಬ ಮೂರು ಪದಗಳೂ ಪರಿಶೀಲನೆ ಆಗದೆ ಹೇಳಬಾರದವು. ಮೊದಲು ಮೊತ್ತವನ್ನು ನೋಡೋಣ.

ಗ್ರಾಹಕರು ಕಳುಹಿಸಿದ ಪ್ರತಿ ಅವರ ಬ್ಯಾಂಕಿಗೆ ಅವರು ಕೊಟ್ಟ ಆದೇಶಕ್ಕೆ ಸಾಕ್ಷಿಯೇ ಹೊರತು ನಿಮಗೆ ಹಣ ತಲುಪಿದ್ದಕ್ಕೆ ಅಲ್ಲ. ಆದೇಶ ಕೊಟ್ಟ ಮೇಲೂ ಅದು ರದ್ದಾಗಬಹುದು, ಮಧ್ಯದ ಬ್ಯಾಂಕಿನಲ್ಲಿ ಪರಿಶೀಲನೆಗೆ ನಿಲ್ಲಬಹುದು, ಖಾತೆಯ ವಿವರ ತಾಳೆಯಾಗದೆ ಹಿಂತಿರುಗಬಹುದು; ಅಂತಹ ಪ್ರತಿಯನ್ನು ಕಂಪ್ಯೂಟರಿನಲ್ಲಿ ತಿದ್ದುವುದೂ ಕಷ್ಟವಲ್ಲ. ಆದ್ದರಿಂದ ಸ್ವೀಕೃತಿ ಪತ್ರಕ್ಕೆ ಆಧಾರ ನಿಮ್ಮದೇ ಖಾತೆಯ ಸ್ಟೇಟ್‌ಮೆಂಟ್ ಮಾತ್ರ. ಪ್ರತಿ ಬಂದ ದಿನ ಬರೆಯಬಹುದಾದದ್ದು "ರವಾನೆಯ ಸೂಚನೆ ತಲುಪಿದೆ, ಜಮೆಯಾದ ಕೂಡಲೇ ತಿಳಿಸುತ್ತೇವೆ" ಎಂಬಷ್ಟೇ.

ಇನ್ನು ಕಡಿಮೆಯಾದ 40. ನಿಮ್ಮ ಬ್ಯಾಂಕಿನಿಂದ ಆ ಪಾವತಿಯ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ. ಹಿಂದೆ ಅದನ್ನು `MT103` ಎನ್ನುತ್ತಿದ್ದರು, ಹೊಸ ರೂಪದಲ್ಲಿ ಅದರ ಹೆಸರು `pacs.008`. ಬ್ಯಾಂಕಿನವರು ಮಾತಿನಲ್ಲಿ ಈಗಲೂ ಹಳೆಯ ಹೆಸರನ್ನೇ ಹೇಳುವುದುಂಟು. ಅದರಲ್ಲಿ ಆದೇಶಿಸಿದ ಮೊತ್ತ ಮತ್ತು ಬ್ಯಾಂಕುಗಳ ನಡುವೆ ಇತ್ಯರ್ಥವಾದ ಮೊತ್ತ ಬೇರೆ ಬೇರೆಯಾಗಿ ಇರುತ್ತವೆ, ಮಧ್ಯದ ಬ್ಯಾಂಕು ಹಿಡಿದುಕೊಂಡ ಶುಲ್ಕವೂ ಇರುತ್ತದೆ. ಶುಲ್ಕ ಯಾರ ಪಾಲು ಎಂಬುದಕ್ಕೆ ಹಳೆಯ ರೂಪದಲ್ಲಿ `OUR`, `SHA`, `BEN` ಎಂಬ ಮೂರರಲ್ಲೊಂದು ಗುರುತಿರುತ್ತದೆ. `OUR` ಎಂದರೆ ಕಳುಹಿಸಿದವರೇ ಎಲ್ಲವನ್ನೂ ಭರಿಸುವುದು, `SHA` ಎಂದರೆ ಅವರವರ ಕಡೆಯದನ್ನು ಅವರವರು, `BEN` ಎಂದರೆ ಎಲ್ಲವೂ ಪಡೆದವರ ತಲೆಗೆ. ಅದನ್ನು ನೋಡಿ, ಕರಾರಿನಲ್ಲಿ ಬ್ಯಾಂಕ್ ಶುಲ್ಕದ ಬಗ್ಗೆ ಏನಿದೆ ಎಂಬುದನ್ನೂ ನೋಡಿ ಹೇಳಿ.

ಮಾರಾಟದವ

ಮಾರಾಟದವರ ಪರವಾಗಿ ಒಂದು ಮಾತು. 12 ಲಕ್ಷದ ಆರ್ಡರಿನಲ್ಲಿ 40ಕ್ಕಾಗಿ ಗ್ರಾಹಕರಿಗೆ ಪತ್ರ ಬರೆದರೆ ಅವರು ನಮ್ಮನ್ನು ಏನೆಂದುಕೊಂಡಾರು? ಹಣ ಬಂದಿದೆಯಲ್ಲ, ಯಾರ ಹೆಸರಿನಿಂದ ಬಂದರೇನು? ಮೊದಲ ದೊಡ್ಡ ಪಾವತಿಯಾದಾಗ ಗ್ರಾಹಕರ ಎದೆಯಲ್ಲಿ ಢವಢವ ಇರುತ್ತದೆ. ಆಗ ಬೇಕಾದದ್ದು ಅದೇ ದಿನದ ಉತ್ತರ. ಮೂರು ದಿನ ತಡೆದು ಬರುವ ಕಾನೂನು ಪತ್ರವಲ್ಲ.

ತಿಜೋರಿ

ಬೇಗ ಉತ್ತರಿಸಬೇಕು ಎಂಬುದು ಒಪ್ಪತಕ್ಕ ಮಾತು, ಮತ್ತು 40ಕ್ಕಾಗಿ ಕೆಲಸ ನಿಲ್ಲಿಸಿ ಎಂದು ನಾನು ಹೇಳಿಲ್ಲ. ಆ ಮೊತ್ತವನ್ನು ಈಗಲೇ ಕೇಳುವುದು ಬೇರೆ, ಅದು ಬಂದಿದೆ ಎಂದು ಬರೆದುಕೊಡುವುದು ಬೇರೆ. ಮೊದಲನೆಯದು ಬೇಡ, ಎರಡನೆಯದಂತೂ ಕೂಡದು. ಯಾರ ಹೆಸರಿನಿಂದ ಬಂದರೇನು ಎಂಬುದನ್ನು ಮಾತ್ರ ನಾನು ಒಪ್ಪಲಾರೆ, ಅದಕ್ಕೆ ಬರುತ್ತೇನೆ.

ಹೊಸಲೆಕ್ಕಿಗ

ಬ್ಯಾಂಕಿನಿಂದ ಸಂದೇಶದ ಪ್ರತಿ ಸಿಕ್ಕಿತು. ಗುರುತು `SHA`. ಆದೇಶಿಸಿದ ಮೊತ್ತ 3,60,000, ಮಧ್ಯದ ಬ್ಯಾಂಕು ಹಿಡಿದದ್ದು 25, ನಮ್ಮ ಬ್ಯಾಂಕಿಗೆ ತಲುಪಿದ್ದು 3,59,975. ಉಳಿದ 15ನ್ನು ನಮ್ಮ ಬ್ಯಾಂಕೇ ಒಳಬರುವ ಪಾವತಿಯ ಶುಲ್ಕವೆಂದು ಮುರಿದುಕೊಂಡಿದೆ. ಕರಾರಿನಲ್ಲಿ "ಮಾರಾಟಗಾರರ ದೇಶದ ಹೊರಗಿನ ಎಲ್ಲ ಬ್ಯಾಂಕ್ ಶುಲ್ಕಗಳೂ ಖರೀದಿದಾರರದು, ಒಳಗಿನವು ಮಾರಾಟಗಾರರದು" ಎಂದಿದೆ.

ತಿಜೋರಿ

ಹಾಗಿದ್ದರೆ ಲೆಕ್ಕ ತಾನಾಗಿ ಬಿಡಿಸಿಕೊಂಡಿತು. 15 ನಿಮ್ಮ ಖರ್ಚು. ಅದನ್ನು ಗ್ರಾಹಕರ ಬಾಕಿಗೆ ಸೇರಿಸುವಂತಿಲ್ಲ. 25 ಅವರದು. ಆದ್ದರಿಂದ ನಿಮ್ಮ ಖಾತೆಗೆ ಬಂದದ್ದು 3,59,960 ಆದರೂ ಗ್ರಾಹಕರ ಲೆಕ್ಕಕ್ಕೆ ಜಮೆ ಕೊಡಬೇಕಾದದ್ದು 3,59,975. ಒಟ್ಟು ಬೆಲೆಯಲ್ಲಿ ಉಳಿದದ್ದು 8,40,025. ಅದರಲ್ಲಿ ಎರಡನೆಯ ಕಂತು 7,20,000ಕ್ಕೆ ಈ 25 ಸೇರಿಸಿ 7,20,025 ಎಂದು ಬಿಲ್ ಮಾಡಿ, ಕೊನೆಯ 1,20,000 ಹಾಗೆಯೇ ಇರಲಿ. ಪತ್ರದಲ್ಲಿ ಇದಕ್ಕೆ ಒಂದೇ ವಾಕ್ಯ ಸಾಕು, ವಿವರಣೆಯ ಧಾಟಿಯಲ್ಲಿ. ಮಾರಾಟದವ ಅವರಿಗೂ ಬೇಸರವಾಗದು. ಮುಂದಿನ ಕಂತನ್ನು `OUR` ಎಂದು ಗುರುತಿಸಿ ಕಳುಹಿಸುವಂತೆ ಅದೇ ವಾಕ್ಯದಲ್ಲಿ ಕೋರಬಹುದು. ಹಾಗೆ ಗುರುತಿಸಿದರೂ ದಾರಿಯಲ್ಲಿ ಯಾರೋ ಒಬ್ಬರು ಸ್ವಲ್ಪ ಮುರಿದುಕೊಳ್ಳುವ ಪ್ರಸಂಗ ನಡೆಯುತ್ತದೆ, ಅದು ಬೇರೆ ಮಾತು.

ಪತ್ರದಲ್ಲಿ ಆ ಪಾವತಿಯ `UETR` ಸಂಖ್ಯೆಯನ್ನೂ ಕೊಡಿ. ಅಡ್ಡಗೆರೆಗಳೂ ಸೇರಿ 36 ಅಕ್ಷರಗಳ ಆ ಗುರುತು ಕಳುಹಿಸಿದ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿನವರೆಗೆ ಬದಲಾಗದೆ ಬರುತ್ತದೆ. ನಾಳೆ "ನಾವು ಎರಡು ಸಲ ಕಳುಹಿಸಿದ್ದೆವು" ಎಂದು ಯಾರಾದರೂ ಹೇಳಿದರೆ, ನೀವು ಯಾವ ಪಾವತಿಯನ್ನು ಒಪ್ಪಿಕೊಂಡಿದ್ದೀರಿ ಎಂಬುದರಲ್ಲಿ ಗೊಂದಲವಿರುವುದಿಲ್ಲ.

ಹಳೆಖಾತೆ

ಎಲ್ಲ ಸರಿ, ಆದರೆ ಅತಿ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಯಾವ ರಶೀದಿಯಲ್ಲಾದರೂ "ಹಣ ವಸೂಲಾಗುವ ಷರತ್ತಿಗೆ ಒಳಪಟ್ಟು" ಎಂಬ ಸಾಲು ಇರಲೇಬೇಕು. ನಮ್ಮಲ್ಲಿ ಆ ಸಾಲಿಲ್ಲದ ರಶೀದಿ ಪುಸ್ತಕವನ್ನೇ ಅಚ್ಚು ಹಾಕಿಸುತ್ತಿರಲಿಲ್ಲ.

ತಿಜೋರಿ

ಹಳೆಖಾತೆಯವರೇ, ಆ ಸಾಲು ಚೆಕ್ಕಿನ ಕಾಲದ್ದು, ಚೆಕ್ಕಿನ ಮಟ್ಟಿಗೆ ಇಂದಿಗೂ ಸರಿಯಾದದ್ದು. ಚೆಕ್ಕು ಹಾಕಿದ ಕೂಡಲೇ ಖಾತೆಯಲ್ಲಿ ಮೊತ್ತ ಕಂಡರೂ ಅದು ಪಾಸಾಗುವವರೆಗೆ ತಾತ್ಕಾಲಿಕ ಜಮೆ. ವಾಪಸಾದರೆ ಬ್ಯಾಂಕು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಇಲ್ಲಿ ಬ್ಯಾಂಕು ಅಂತಿಮವಾಗಿ ಜಮೆ ಮಾಡಿದೆ. ಕಳುಹಿಸಿದವರು ಹಿಂದಕ್ಕೆ ಬೇಡಬಹುದು, ಆದರೆ ಜಮೆಯಾದ ಮೇಲೆ ಸಾಮಾನ್ಯವಾಗಿ ಪಡೆದವರ ಒಪ್ಪಿಗೆಯಿಲ್ಲದೆ ಬ್ಯಾಂಕು ಹಿಂದಿರುಗಿಸುವುದಿಲ್ಲ. ವಂಚನೆಯ ದೂರು ಅಥವಾ ನ್ಯಾಯಾಲಯದ ಆದೇಶ ಬಂದರೆ ಕಥೆ ಬೇರೆ. ಜಮೆಯಾದ ಹಣಕ್ಕೆ ಆ ಷರತ್ತು ಬರೆದರೆ, ಮುಂಗಡ ಸ್ವೀಕೃತವಾಯಿತೋ ಇಲ್ಲವೋ, 16 ವಾರ ಆರಂಭವಾಯಿತೋ ಇಲ್ಲವೋ ಎಂಬುದನ್ನು ನೀವೇ ಅನಿಶ್ಚಿತ ಮಾಡಿಕೊಂಡಂತಾಗುತ್ತದೆ.

ಹಳೆಖಾತೆ

ಒಪ್ಪಂದದಲ್ಲಿ ತೊಂದರೆಯಾದಾಗ ಆ ಸಾಲು ಇದ್ದಿದ್ದರೆ ಎನ್ನಿಸದಿರದು. ಇರಲಿ, ಚೆಕ್ಕಿಗಷ್ಟೇ ಎಂದೇ ಇಟ್ಟುಕೊಳ್ಳೋಣ.

ಕರಾರುಪತ್ರ

ದಿನಾಂಕದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಆದರೆ ಈ ಪತ್ರದಲ್ಲಿ ಮುಂದೆ ವ್ಯಾಜ್ಯಕ್ಕೆ ಬರುವ ಅಂಶ ಅದೇ. 16 ವಾರ ಎಂದರೆ 112 ದಿನ. ಗ್ರಾಹಕರು ತಮ್ಮ ಪ್ರತಿಯಲ್ಲಿರುವ ಸೆಪ್ಟೆಂಬರ್ 3ರಿಂದ ಎಣಿಸಿದರೆ ಡಿಸೆಂಬರ್ 24 ಬರುತ್ತದೆ, ವ್ಯಾಲ್ಯೂ ಡೇಟಿನಿಂದ ಎಣಿಸಿದರೆ 28, ಸ್ಟೇಟ್‌ಮೆಂಟಿನಲ್ಲಿ ನಮೂದಾದ ದಿನದಿಂದ ಎಣಿಸಿದರೆ 29. ಕರಾರಿನಲ್ಲಿ ತಡವಾದ ಪ್ರತಿ ವಾರಕ್ಕೆ ದಂಡ ಇದ್ದರೆ ಈ ಕೆಲವು ದಿನಗಳಿಗೆ ಬೆಲೆಯಿದೆ. ಕರಾರು "ಸ್ವೀಕೃತವಾದ ದಿನ" ಎಂದಷ್ಟೇ ಹೇಳಿ ಸುಮ್ಮನಾಗಿರುವಾಗ, ಅದರ ಅರ್ಥವನ್ನು ಮೊದಲು ಲಿಖಿತವಾಗಿ ಹೇಳುವ ಅವಕಾಶ ಸಿಗುವುದು ಸ್ವೀಕೃತಿ ಪತ್ರ ಬರೆಯುವವರಿಗೆ. ಗ್ರಾಹಕರು ಅದಕ್ಕೆ ಆಕ್ಷೇಪಿಸದೆ ಮುಂದುವರಿದರೆ ಆ ದಿನಾಂಕವನ್ನು ಅಲುಗಾಡಿಸುವುದು ಅವರಿಗೆ ಕಷ್ಟ. ನಾನಾದರೆ 7 ಎಂದೇ ಬರೆಯುತ್ತೇನೆ. ವ್ಯಾಲ್ಯೂ ಡೇಟಿನಿಂದಲೇ ಆ ಹಣ ನಿಮ್ಮದೆಂದು ಬ್ಯಾಂಕು ಲೆಕ್ಕ ಹಾಕುತ್ತದೆ; ಬಡ್ಡಿಯನ್ನೂ ಅಲ್ಲಿಂದಲೇ ಎಣಿಸುತ್ತದೆ. 8 ಎಂದು ಹಿಡಿದು ಒಂದು ದಿನ ಗಳಿಸುವ ಆಸೆಗೆ ವಾದವನ್ನು ಬಿಟ್ಟುಕೊಡುವುದು ಬೇಡ.

ಇನ್ನೊಂದು: "ಪೂರ್ಣ ಮತ್ತು ಅಂತಿಮ" ಎಂಬ ಜೋಡಿಪದ ಮುಂಗಡದ ಸ್ವೀಕೃತಿಯಲ್ಲಿ ಎಲ್ಲಿಯೂ ನುಸುಳಬಾರದು. "ಪ್ರೊಫಾರ್ಮಾ ಇನ್‌ವಾಯ್ಸಿನ ಮೇಲೆ ಮುಂಗಡವಾಗಿ" ಎಂದೇ ಇರಲಿ.

ಗೋದಾಮು

ಉತ್ಪಾದನೆಯವರ ಕಷ್ಟವನ್ನೂ ಸ್ವಲ್ಪ ಕೇಳಿ. ಪತ್ರದಲ್ಲಿ ಲೆಕ್ಕದವರು ಡಿಸೆಂಬರ್ 28 ಎಂದು ಕ್ಯಾಲೆಂಡರ್ ದಿನಾಂಕ ಬರೆದುಬಿಡುತ್ತಾರೆ, ಆಮೇಲೆ ಗ್ರಾಹಕರು ನಕ್ಷೆಗೆ ಒಪ್ಪಿಗೆ ಕೊಡಲು ಮೂರು ವಾರ ತೆಗೆದುಕೊಳ್ಳುತ್ತಾರೆ, ಆದರೂ 28 ಮಾತ್ರ ಅಲ್ಲಿಯೇ ನಿಂತಿರುತ್ತದೆ. ಮುಂಗಡ ಬಂದರೂ ನಕ್ಷೆಗೆ ಸಹಿಯಾಗದೆ ನಾವು ಉಕ್ಕು ಕತ್ತರಿಸಲಾರೆವು. ಹಣ ಬಂದ ದಿನವೇ ಕೆಲಸ ಆರಂಭವಾಯಿತು ಎನ್ನುವುದು ಕಾಗದದ ಮೇಲಿನ ಮಾತು.

ಕರಾರುಪತ್ರ

ಸರಿಯಾದ ಮಾತು. ಆದ್ದರಿಂದ ಪತ್ರದ "ಮುಂದೇನು" ಭಾಗದಲ್ಲಿ ಗ್ರಾಹಕರು ಮಾಡಬೇಕಾದದ್ದು ಮೊದಲು ಬರಲಿ, ನೀವು ಮಾಡುವುದು ಆಮೇಲೆ. ನಕ್ಷೆಯನ್ನು ಯಾವ ದಿನ ಕಳುಹಿಸುತ್ತೀರಿ, ಎಷ್ಟು ದಿನದಲ್ಲಿ ಒಪ್ಪಿಗೆ ಬೇಕು, ತಡವಾದರೆ ರವಾನೆಯ ದಿನಾಂಕವೂ ಅಷ್ಟೇ ದಿನ ಮುಂದಕ್ಕೆ ಹೋಗುತ್ತದೆ ಎಂಬುದು ಇರಲಿ. ಆದರೆ ಕರಾರಿನಲ್ಲಿ ಇಲ್ಲದ ಹೊಸ ಷರತ್ತನ್ನು ಈ ಪತ್ರದಲ್ಲಿ ತುರುಕಲಾಗದು. ಕರಾರಿನಲ್ಲಿ ನಕ್ಷೆಯ ಒಪ್ಪಿಗೆಯ ಕಲಂ ಇದೆಯೇ?

ಹೊಸಲೆಕ್ಕಿಗ

ಇದೆ. ನಾವು ನಕ್ಷೆ ಕೊಟ್ಟ 10 ದಿನದೊಳಗೆ ಒಪ್ಪಿಗೆ ಅಥವಾ ತಿದ್ದುಪಡಿ ತಿಳಿಸಬೇಕು, ತಡವಾದರೆ ಅವಧಿ ವಿಸ್ತರಣೆಯಾಗುತ್ತದೆ ಎಂದಿದೆ.

ಕರಾರುಪತ್ರ

ಹಾಗಾದರೆ ಹೊಸದನ್ನು ಬರೆಯುವ ಅಗತ್ಯವಿಲ್ಲ, ಆ ಕಲಮಿನ ಸಂಖ್ಯೆಯನ್ನು ನೆನಪಿಸಿದರೆ ಸಾಕು.

ತಿಜೋರಿ

ಈಗ ಕಳುಹಿಸಿದವರ ಹೆಸರಿನ ವಿಷಯ. ಒಂದೇ ಗುಂಪಿನ ಬೇರೊಂದು ಕಂಪನಿಯ ಖಾತೆಯಿಂದ ಹಣ ಬರುವುದು ಅಪರೂಪವಲ್ಲ. ದೊಡ್ಡ ಗುಂಪುಗಳಲ್ಲಿ ಪಾವತಿಗೆಂದೇ ಒಂದು ಕಂಪನಿಯಿರುತ್ತದೆ. ಆದರೆ ಹೆಸರಿನ ಮೊದಲರ್ಧ ಹೊಂದುವುದು ಸಂಬಂಧಕ್ಕೆ ಸಾಕ್ಷಿಯಲ್ಲ. ಎರಡು ತೊಂದರೆಗಳಿವೆ. ಆ ಕಂಪನಿ ನಾಳೆ "ಇದು ನಮ್ಮ ಹಣ, ತಪ್ಪಾಗಿ ಬಂದಿದೆ, ಹಿಂತಿರುಗಿಸಿ" ಎಂದರೆ, ಅದು ನಿಮ್ಮ ಗ್ರಾಹಕರ ಪರವಾಗಿ ಕೊಟ್ಟದ್ದು ಎಂದು ತೋರಿಸಲು ನಿಮ್ಮಲ್ಲಿ ಕಾಗದ ಬೇಕು. ಎರಡನೆಯದು, ಹಣದ ಮೂಲದ ಬಗ್ಗೆ ನಿಮ್ಮ ಬ್ಯಾಂಕೇ ಪ್ರಶ್ನೆ ಕೇಳಬಹುದು. ಆದ್ದರಿಂದ ಕರಾರಿಗೆ ಸಹಿ ಹಾಕಿದ ಕಂಪನಿಯಿಂದ "ಈ ಪಾವತಿಯನ್ನು ನಮ್ಮ ಪರವಾಗಿ ಇಂತಹವರು ಮಾಡಿದ್ದಾರೆ" ಎಂಬ ಪತ್ರ, ಕಳುಹಿಸಿದ ಕಂಪನಿಯಿಂದಲೂ ಅದಕ್ಕೆ ಒಪ್ಪಿಗೆ, ಎರಡನ್ನೂ ಕೇಳಿ. ಬರುವವರೆಗೆ ಪತ್ರದಲ್ಲಿ "ನಿಮ್ಮ ಪಾವತಿ" ಎನ್ನದೆ "ಇಂತಹವರ ಖಾತೆಯಿಂದ ಬಂದ ಮೊತ್ತ" ಎನ್ನಿ.

ಬೀಗದಕೈ

ಈ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ನಾನಿದ್ದ ಕಂಪನಿಯೊಂದಕ್ಕೆ ಹೊಸ ಗ್ರಾಹಕರೊಬ್ಬರು ಬಿಲ್ಲಿಗಿಂತ ಬಹಳ ಹೆಚ್ಚು ಕಳುಹಿಸಿದರು. ಮರುದಿನವೇ ವಿನಯದ ಇಮೇಲ್: ನಮ್ಮ ಗುಮಾಸ್ತರಿಂದ ತಪ್ಪಾಯಿತು, ಹೆಚ್ಚಿನದನ್ನು ಈ ಬೇರೆ ಖಾತೆಗೆ ತುರ್ತಾಗಿ ಹಾಕಿ. ಬಂದದ್ದು ಬ್ಯಾಂಕ್ ಚೆಕ್ಕು. ಖಾತೆಯಲ್ಲಿ ಮೊತ್ತ ಕಾಣುತ್ತಿದ್ದುದರಿಂದ ನಮ್ಮವರು ಹಣ ಹಿಂತಿರುಗಿಸಲು ಹೊರಟಿದ್ದರು. ವ್ಯವಸ್ಥಾಪಕರು ಚೆಕ್ಕು ಪಾಸಾಗಲಿ ಎಂದು ತಡೆದರು, ಅದು ನಕಲಿಯೆಂದು ವಾಪಸಾಯಿತು. ಹೆಚ್ಚಿಗೆ ಬಂದ ಹಣವನ್ನು ಹಿಂತಿರುಗಿಸಬೇಕಾದರೆ ಅದು ಬಂದ ಖಾತೆಗೇ, ಬಂದ ಮಾರ್ಗದಲ್ಲೇ ಹೋಗಬೇಕು. ಸ್ವೀಕೃತಿ ಪತ್ರದಲ್ಲಿಯೇ ಇದನ್ನು ಹೇಳಿಬಿಟ್ಟರೆ ಆಮೇಲೆ ವಾದಿಸುವ ಅಗತ್ಯ ಬೀಳುವುದಿಲ್ಲ.

ಇನ್ನೂ ಒಂದು ಎಚ್ಚರ. ಈ ಪತ್ರ ಮುಂದಿನ ಕಂತು ಎಷ್ಟು, ಯಾವಾಗ ಎಂದು ಹೇಳುವ ಕಾಗದ. ಯಾರಾದರೂ ನಿಮ್ಮ ಅಥವಾ ಗ್ರಾಹಕರ ಇಮೇಲನ್ನು ಕದ್ದು ಓದುತ್ತಿದ್ದರೆ ಅವರಿಗೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಕೆಲವು ವಾರಗಳ ನಂತರ ನಿಮ್ಮದೇ ಪತ್ರದ ಕಾಗದದಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಪತ್ರ ಗ್ರಾಹಕರಿಗೆ ಹೋಗುತ್ತದೆ, ಮತ್ತು 7,20,025 ಬೇರೆಲ್ಲೋ ಸೇರುತ್ತದೆ. ಆದ್ದರಿಂದ ಖಾತೆಯ ಪೂರ್ಣ ವಿವರ ಬರೆಯದೆ, ಮುಂಗಡ ಬಂದ ಅದೇ ಖಾತೆ ಎಂದು ಕೊನೆಯ ನಾಲ್ಕು ಅಂಕಿ ಮಾತ್ರ ಕೊಡಿ. ಬದಲಾವಣೆ ಎಂದು ಯಾವ ಇಮೇಲ್ ಬಂದರೂ ಕರಾರಿನಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳದೆ ಹಣ ಕಳುಹಿಸಬೇಡಿ ಎಂದು ಬರೆಯಿರಿ. ಇಮೇಲಿನಲ್ಲಿರುವ ಸಂಖ್ಯೆಗಲ್ಲ, ಕರಾರಿನಲ್ಲಿರುವ ಸಂಖ್ಯೆಗೆ.

ಹೊಸಲೆಕ್ಕಿಗ

ಎಲ್ಲರಿಗೂ ಕೃತಜ್ಞತೆಗಳು. ಕರಡು ಸಿದ್ಧಪಡಿಸಿದ್ದೇನೆ, ಗುರುತಿನ ವಿವರಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ:

"ಮಾನ್ಯರೇ, ತಮ್ಮ ಆರ್ಡರಿಗೆ ಸಂಬಂಧಿಸಿದ ಪ್ರೊಫಾರ್ಮಾ ಇನ್‌ವಾಯ್ಸಿನ ಮೇಲೆ ಮುಂಗಡವಾಗಿ, (ಕಳುಹಿಸಿದ ಕಂಪನಿಯ ಹೆಸರು) ಅವರ ಖಾತೆಯಿಂದ, (`UETR` ಸಂಖ್ಯೆ) ಗುರುತಿನ ಪಾವತಿಯ ಮೂಲಕ 3,59,960 ನಮ್ಮ ಖಾತೆಗೆ ಸೆಪ್ಟೆಂಬರ್ 7ರ ವ್ಯಾಲ್ಯೂ ಡೇಟಿನೊಂದಿಗೆ ಜಮೆಯಾಗಿದೆ. ನಮ್ಮ ಬ್ಯಾಂಕಿನ ಶುಲ್ಕ 15ನ್ನು ನಾವು ಭರಿಸಿದ್ದು, ತಮ್ಮ ಲೆಕ್ಕಕ್ಕೆ 3,59,975 ಜಮೆ ನೀಡಿದ್ದೇವೆ. ಮಧ್ಯವರ್ತಿ ಬ್ಯಾಂಕು ಕಡಿತ ಮಾಡಿದ 25ನ್ನು ಎರಡನೆಯ ಕಂತಿನ ಬಿಲ್ಲಿನಲ್ಲಿ ಸೇರಿಸಲಾಗುವುದು. ಈಗ ಪ್ರತ್ಯೇಕವಾಗಿ ಕಳುಹಿಸುವ ಅಗತ್ಯವಿಲ್ಲ. ಒಟ್ಟು ಬೆಲೆಯಲ್ಲಿ ಬಾಕಿ 8,40,025.

"ಈ ಪಾವತಿಯನ್ನು ತಮ್ಮ ಪರವಾಗಿ ಮಾಡಲಾಗಿದೆ ಎಂಬ ತಮ್ಮ ಪತ್ರವನ್ನೂ, ಕಳುಹಿಸಿದ ಕಂಪನಿಯ ಒಪ್ಪಿಗೆ ಪತ್ರವನ್ನೂ ದಯವಿಟ್ಟು ಸೆಪ್ಟೆಂಬರ್ 16ರೊಳಗೆ ಕಳುಹಿಸಿಕೊಡಬೇಕು. ಯಂತ್ರದ ನಕ್ಷೆಯನ್ನು 14ರಂದು ತಮಗೆ ಕಳುಹಿಸುತ್ತೇವೆ. ಕರಾರಿನ ಸಂಬಂಧಪಟ್ಟ ಕಲಮಿನಂತೆ 10 ದಿನದೊಳಗೆ ತಮ್ಮ ಒಪ್ಪಿಗೆ ನಿರೀಕ್ಷಿಸುತ್ತೇವೆ. ಸೆಪ್ಟೆಂಬರ್ 7ರಿಂದ 16 ವಾರಗಳೆಂದರೆ ಡಿಸೆಂಬರ್ 28. ಆ ಕಲಮಿನ ಪ್ರಕಾರ ಆಗಬಹುದಾದ ವಿಸ್ತರಣೆಗೆ ಇದು ಒಳಪಟ್ಟಿರುತ್ತದೆ.

"ಯಾವುದೇ ಕಾರಣಕ್ಕೆ ಹಣ ಹಿಂತಿರುಗಿಸಬೇಕಾದಲ್ಲಿ ಅದು ಬಂದ ಖಾತೆಗೆ ಮಾತ್ರ ಹಿಂತಿರುಗುತ್ತದೆ. ಮುಂದಿನ ಕಂತುಗಳನ್ನೂ ಈ ಮುಂಗಡ ಜಮೆಯಾದ ಖಾತೆಗೇ, ಶುಲ್ಕಗಳನ್ನು `OUR` ಎಂದು ಗುರುತಿಸಿ ಕಳುಹಿಸಬೇಕಾಗಿ ವಿನಂತಿ. ಖಾತೆ ಬದಲಾಗಿದೆ ಎಂಬ ಯಾವ ಸಂದೇಶ ಬಂದರೂ ಕರಾರಿನಲ್ಲಿ ನಮೂದಿಸಿರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ."

ಮಾರಾಟದವ

ನಾನು ಅಂದುಕೊಂಡಷ್ಟು ಒರಟಾಗಿಲ್ಲ. "ಧನ್ಯವಾದ" ಎಂಬ ಪದ ಮಾತ್ರ ಎಲ್ಲಿಯೂ ಇಲ್ಲ, ಸೇರಿಸಿ. ಹಾಗೆಯೇ "ಈಗ ಪ್ರತ್ಯೇಕವಾಗಿ ಕಳುಹಿಸುವ ಅಗತ್ಯವಿಲ್ಲ" ಎಂಬುದು ಒಳ್ಳೆಯ ವಾಕ್ಯ, ಅದನ್ನು ತೆಗೆಯಬೇಡಿ.

ಹಳೆಖಾತೆ

ಪುಸ್ತಕದಲ್ಲಿ ಇದನ್ನು ಮಾರಾಟದ ಆದಾಯಕ್ಕೆ ಹಾಕಬೇಡಿ. ಯಂತ್ರ ಕೊಡುವವರೆಗೆ ಅದು ಗ್ರಾಹಕರಿಗೆ ನೀವು ತೀರಿಸಬೇಕಾದ ಹೊಣೆ. ಮುಂಗಡದ ಖಾತೆಗೆ 3,59,975, ಬ್ಯಾಂಕ್ ಶುಲ್ಕದ ಖರ್ಚಿಗೆ 15, ಬ್ಯಾಂಕ್ ಖಾತೆಗೆ 3,59,960. ಮೂರೂ ತಾಳೆಯಾಗುತ್ತವೆ.

ಹೊಸಲೆಕ್ಕಿಗ

ಒಂದೇ ಪ್ರಶ್ನೆ ಉಳಿದಿದೆ. ಪರವಾಗಿ ಪಾವತಿ ಮಾಡಿದ್ದರ ಪತ್ರಗಳು 16ರೊಳಗೆ ಬಾರದಿದ್ದರೆ 16 ವಾರದ ಗಡಿಯಾರ ಓಡುತ್ತಿರುತ್ತದೆಯೇ, ನಿಲ್ಲುತ್ತದೆಯೇ?

ಕರಾರುಪತ್ರ

ಓಡುತ್ತದೆ ಎಂದೇ ನನ್ನ ಅಭಿಪ್ರಾಯ. ಬೇರೆಯವರು ಪಾವತಿ ಮಾಡಬಾರದೆಂದು ನಿಮ್ಮ ಕರಾರು ಹೇಳಿಲ್ಲವಾದರೆ, ಹಣವನ್ನು ಇಟ್ಟುಕೊಂಡು ಅವಧಿ ಆರಂಭವಾಗಿಲ್ಲ ಎನ್ನುವುದು ನಿಲ್ಲದ ವಾದ.

ತಿಜೋರಿ

ನಾನು ಹಾಗೆ ನೋಡುವುದಿಲ್ಲ. ಯಾರ ಹಣವೆಂದು ತಿಳಿಯದೆ ಅದನ್ನು ಖರ್ಚು ಮಾಡಿ ಉಕ್ಕು ಕೊಂಡರೆ, ಆಮೇಲೆ ಹಿಂತಿರುಗಿಸುವ ಆದೇಶ ಬಂದಾಗ ಕೈಯಲ್ಲಿ ಇರುವುದು ಉಕ್ಕು ಮಾತ್ರ. ಪತ್ರಗಳು ಬರುವವರೆಗೆ ಮೊತ್ತವನ್ನು ಪ್ರತ್ಯೇಕವಾಗಿ ಇಟ್ಟು ನಕ್ಷೆಯ ಕೆಲಸ ಮಾತ್ರ ನಡೆಸಿ. ಗಡಿಯಾರದ ಪ್ರಶ್ನೆಗೆ ನಿಮ್ಮ ವಕೀಲರು ಕರಾರು ಓದಿಯೇ ಉತ್ತರಿಸಬೇಕು.

ಗೋದಾಮು

ನಕ್ಷೆಗೆ ಹೇಗೂ ಮೊದಲ ಮೂರು ವಾರ ಹೋಗುತ್ತದೆ. ಉಕ್ಕಿಗೆ ಆರ್ಡರ್ ಕೊಡುವುದು ಅದಾದ ಮೇಲೆಯೇ. ಅಷ್ಟರಲ್ಲಿ ಪತ್ರ ಬಾರದಿದ್ದರೆ ಮತ್ತೆ ಇಲ್ಲಿ ಬರೆಯಿರಿ.